ಆರು ಸಾಲು, ಆರು ತಿಂಗಳು

ಒಂದು ವರ್ಷ ನಮ್ಮ ಶಾಲೆಯಲ್ಲಿ ಪ್ರಹ್ಲಾದನ ನಾಟಕ ಆಡಿಸಿದ್ದೆವು. ಒಂದು ದೃಶ್ಯ ಮುಗಿದ ಕೂಡಲೇ ಪರದೆ ಬೀಳುತ್ತಿತ್ತು, ಪರದೆಯ ಮುಂದೆ ಎಂಟು ಹುಡುಗಿಯರು ಬಂದು ಭಕ್ತಿಗೀತೆಯೊಂದಕ್ಕೆ ಕುಣಿದು ಹೋಗುತ್ತಿದ್ದರು, ಒಳಗೆ ಬೆಂಚು ಎಳೆದಾಡುವ ಸದ್ದು ಕೇಳುತ್ತಿತ್ತು. ಹಾಡು ಚೆನ್ನಾಗಿತ್ತು, ಕುಣಿತವೂ ಚೆನ್ನಾಗಿತ್ತು. ಆದರೆ ಮೂರನೇ ಹಾಡಿನ ಹೊತ್ತಿಗೆ ಪ್ರಹ್ಲಾದನನ್ನು ಬೆಟ್ಟದಿಂದ ತಳ್ಳಿ ಆಯಿತೋ ಇಲ್ಲವೋ ಎನ್ನುವುದು ಸಭಿಕರಿಗೆ ಮರೆತೇ ಹೋಗಿತ್ತು. ಮುಂದಿನ ಸಾಲಿನಲ್ಲಿದ್ದ ಪೋಷಕರೊಬ್ಬರು ಎದ್ದು ಚಹಾ ಕುಡಿದು ಬಂದು, "ಈಗ ಯಾವ ಡ್ಯಾನ್ಸು?" ಎಂದು ಪಕ್ಕದವರನ್ನು ಕೇಳಿದ್ದು ನನ್ನ ಕಿವಿಗೆ ಬಿತ್ತು. ಅವರ ತಪ್ಪೇನಿಲ್ಲ. ಹಾಡು ಕಥೆಯನ್ನು ನಿಲ್ಲಿಸಿದರೆ ಕೇಳುವವರು ಎದ್ದು ಹೋಗುತ್ತಾರೆ.

ಕಂಪನಿ ನಾಟಕಗಳಲ್ಲೂ ಹಾಡು ಕಥೆಯನ್ನು ನಿಲ್ಲಿಸುತ್ತಿತ್ತು. ಅಲ್ಲಿ ಜನ ಬರುತ್ತಿದ್ದುದೇ ಹಾಡಿಗೆ, 'ಒನ್ಸ್ ಮೋರ್' ಕೂಗಿ ಸತ್ತ ಪಾತ್ರವನ್ನೂ ಎಬ್ಬಿಸಿ ಹಾಡಿಸುತ್ತಿದ್ದರಂತೆ. ಆ ಗಂಟಲು ಏಳನೇ ತರಗತಿಯ ಮಕ್ಕಳಿಗೆಲ್ಲಿಂದ ಬರಬೇಕು? ಯಕ್ಷಗಾನದ ದಾರಿ ಬೇರೆ. ಅಲ್ಲಿ ಭಾಗವತರ ಪದ ಕಥೆಯನ್ನು ಮುಂದಕ್ಕೆ ದೂಡುತ್ತದೆ, ಮಾತು ಬಂದು ಅದನ್ನು ಬಿಡಿಸಿ ಹೇಳುತ್ತದೆ. ಶಾಲೆಯ ನಾಟಕಕ್ಕೆ ಹೊಂದುವುದು ಈ ದಾರಿಯೇ ಎಂದು ಆ ರಾತ್ರಿ ಕುರ್ಚಿ ಮಡಚುವಾಗ ಅನ್ನಿಸಿತು. ಮುಂದಿನ ವರ್ಷ ಕನಕದಾಸರ 'ರಾಮಧಾನ್ಯ ಚರಿತ್ರೆ'ಯನ್ನು ಕೈಗೆತ್ತಿಕೊಂಡೆವು.

ಕಥೆ ಗೊತ್ತಿದ್ದವರಿಗೂ ಒಮ್ಮೆ ಹೇಳಿಬಿಡುತ್ತೇನೆ. ಲಂಕೆಯಿಂದ ಮರಳುವ ರಾಮ ಹಾದಿಯಲ್ಲಿ ಮುನಿಗಳ ಆಶ್ರಮದಲ್ಲಿ ತಂಗುತ್ತಾನೆ. ಊಟೋಪಚಾರದ ನಡುವೆ ಧಾನ್ಯಗಳಲ್ಲಿ ಯಾವುದು ಹೆಚ್ಚು ಎಂಬ ಮಾತು ಬರುತ್ತದೆ. ಗೌತಮರು ನರೆದಲೆಗ, ಅಂದರೆ ರಾಗಿ, ಎನ್ನುತ್ತಾರೆ. ವ್ರೀಹಿ, ಅಂದರೆ ಭತ್ತ, ಸಿಡಿದೇಳುತ್ತದೆ. ಇಬ್ಬರಿಗೂ ಮಾತಿಗೆ ಮಾತು ಬೆಳೆಯುತ್ತದೆ. ರಾಮ ಯಾರ ಪರವಾಗಿಯೂ ತೀರ್ಪು ಕೊಡದೆ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡಿಸಿ ಅಯೋಧ್ಯೆಗೆ ಹೋಗುತ್ತಾನೆ. ಆರು ತಿಂಗಳ ಮೇಲೆ ಕರೆಸಿದಾಗ ಭತ್ತ ಸೊರಗಿರುತ್ತದೆ, ರಾಗಿ ಇದ್ದ ಹಾಗೇ ಇರುತ್ತದೆ. ರಾಮ ತನ್ನ 'ರಾಘವ' ಎಂಬ ಹೆಸರನ್ನೇ ಅದಕ್ಕೆ ಕೊಡುತ್ತಾನೆ. ರಾಘವ ಎಂಬುದರಿಂದ ರಾಗಿ ಬಂತೆಂಬುದು ಕವಿಯ ಚಮತ್ಕಾರ, ಭಾಷಾಶಾಸ್ತ್ರವಲ್ಲ. ಇದನ್ನು ಮಕ್ಕಳಿಗೆ ಮೊದಲೇ ಹೇಳಿದ್ದೆ. ಇಲ್ಲದಿದ್ದರೆ ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಅದು ವಾಪಸು ಬರುತ್ತದೆ.

ನೂರೈವತ್ತಕ್ಕೂ ಹೆಚ್ಚು ಪದ್ಯಗಳ ಈ ಕಾವ್ಯ ಇರುವುದು ಭಾಮಿನಿ ಷಟ್ಪದಿಯಲ್ಲಿ. ನಮಗೆ ಕೊಟ್ಟಿದ್ದು 25 ನಿಮಿಷ. ನಾನು ಕನ್ನಡ ಪಾಠ ಮಾಡುವವಳು, ಹಾಡಿಗೆ ನೆರವಾದವರು ವಾರಕ್ಕೆರಡು ದಿನ ಬರುವ ಸಂಗೀತದ ಮೇಷ್ಟ್ರು. ಮೊದಲ ದಿನ ನಾವಿಬ್ಬರೂ ಕೂತು ಕಥೆಯಲ್ಲಿ ಆಡಿ ತೋರಿಸಲಾಗದ ಜಾಗಗಳೆಷ್ಟು ಎಂದು ಲೆಕ್ಕ ಹಾಕಿದೆವು. ಜಗಳ ಆಡಿ ತೋರಿಸಬಹುದು, ಊಟ ತೋರಿಸಬಹುದು, ಹೆಸರಿಡುವುದು ತೋರಿಸಬಹುದು. ತೋರಿಸಲಾಗದ್ದು ಮೂರು. ಲಂಕೆಯಿಂದ ಆಶ್ರಮದವರೆಗಿನ ದಾರಿ, ಆರು ತಿಂಗಳ ಸೆರೆ, ಆಮೇಲೆ ಧಾನ್ಯಗಳು ಆಶ್ರಮದಿಂದ ಅಯೋಧ್ಯೆಗೆ ಹೋಗುವ ದಾರಿ. ಈ ಮೂರು ಕಡೆಯೇ ಹಾಡು ಬರಬೇಕು ಎಂದು ಗೆರೆ ಎಳೆದೆವು. ಕೊನೆಗೊಂದು ಮಂಗಳ. ನಾಲ್ಕಕ್ಕಿಂತ ಹೆಚ್ಚು ಹಾಡು ಬೇಡ.

ಹಾಡು ಬೇಕೋ ಬೇಡವೋ ಎಂದು ತಿಳಿಯಲು ಒಂದು ಸುಲಭದ ಪರೀಕ್ಷೆ ಇದೆ. ತಾಲೀಮಿನಲ್ಲಿ ಆ ಹಾಡನ್ನು ಬಿಟ್ಟು ನಾಟಕ ನಡೆಸಿ. ಕಥೆ ಗೊತ್ತಿಲ್ಲದ ಒಂದು ಮಗುವನ್ನು ಎದುರು ಕೂರಿಸಿ. ಆ ಮಗುವಿಗೆ ಎಲ್ಲ ಅರ್ಥವಾದರೆ ಹಾಡು ಕಿತ್ತು ಹಾಕಬಹುದು. ಐದನೇ ತರಗತಿಯ ಹುಡುಗನೊಬ್ಬನನ್ನು ಹಾಗೆ ಕೂರಿಸಿದ್ದೆವು. ಸೆರೆಯ ಹಾಡು ಬಿಟ್ಟಾಗ, "ಮಿಸ್, ಅವ್ನು ಜಗಳ ಆಡಿದ ತಕ್ಷಣ ಯಾಕೆ ಸುಸ್ತಾದ?" ಎಂದ. ಆ ಹಾಡು ಉಳಿಯಿತು. ಆಶ್ರಮದ ಸೊಬಗನ್ನು ವರ್ಣಿಸುವ ಹಾಡೊಂದನ್ನು ಮೇಷ್ಟ್ರು ಆಸೆಯಿಂದ ಬರೆದಿದ್ದರು. ಅದನ್ನು ಬಿಟ್ಟಾಗ ಹುಡುಗನಿಗೆ ಏನೂ ಕೊರತೆ ಕಾಣಲಿಲ್ಲ. ಮೇಷ್ಟ್ರು ಹಾಳೆ ಮಡಚಿ ಜೇಬಿಗಿಟ್ಟುಕೊಂಡರು, ಎರಡು ದಿನ ನನ್ನ ಜೊತೆ ಮಾತು ಕಡಿಮೆ ಮಾಡಿದರು.

ಇನ್ನು ನೀತಿಯ ವಿಚಾರ. ಒಂದು ನಾಟಕಕ್ಕೆ ಒಂದೇ ನೀತಿ ಎನ್ನುವುದು ಹೇಳಲು ಸುಲಭ, ಸ್ಟಾಫ್ ರೂಮಿನಲ್ಲಿ ಕಾಪಾಡಿಕೊಳ್ಳುವುದು ಕಷ್ಟ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿದ್ದರ ಬಿಸಿ ಇನ್ನೂ ಆರಿರಲಿಲ್ಲ. ರಾಗಿಯಲ್ಲಿ ಸುಣ್ಣದ ಅಂಶ ಎಷ್ಟಿದೆ ಎಂದು ಗೌತಮರ ಬಾಯಲ್ಲಿ ಹೇಳಿಸಿ ಎಂದು ವಿಜ್ಞಾನದ ಮೇಡಂ ಕೇಳಿದರು. ಇನ್ನೊಬ್ಬರಿಗೆ ರೈತರ ಬಗ್ಗೆ ಒಂದು ಮಾತು ಬೇಕಿತ್ತು. ಮತ್ತೊಬ್ಬರು ಕೊನೆಗೆ ಕುಲದ ಬಗ್ಗೆ ಕನಕದಾಸರದೇ ಪ್ರಸಿದ್ಧ ಕೀರ್ತನೆ ಹಾಡಿಸಿಬಿಡಿ ಎಂದರು. ಯಾವುದೂ ಕೆಟ್ಟ ಮಾತಲ್ಲ. ಆದರೆ ಸುಣ್ಣದ ಅಂಶ ಬಂದ ಕ್ಷಣ ನಾಟಕ, ರಾಗಿ ತಿಂದರೆ ಮೂಳೆ ಗಟ್ಟಿ ಎಂಬಲ್ಲಿಗೆ ಇಳಿಯುತ್ತದೆ. ಆಗ ರಾಮ ಏಕೆ ಬೇಕು, ವೈದ್ಯರು ಸಾಕು. ಆ ಕೀರ್ತನೆ ಬಂದರೆ ನಾವು ಇಪ್ಪತ್ತು ನಿಮಿಷ ತೋರಿಸಲು ಹೆಣಗಿದ್ದನ್ನು ಎಲ್ಲರಿಗೂ ಬಾಯಿಪಾಠವಿರುವ ಹಾಡು ಒಂದೇ ಏಟಿಗೆ ಹೇಳಿ ಮುಗಿಸುತ್ತದೆ, ನಾಟಕ ಅದಕ್ಕೆ ಪೀಠಿಕೆಯಾಗಿ ಉಳಿಯುತ್ತದೆ.

ನಾವು ಮಾಡಿದ್ದು ಇಷ್ಟು. ನೀತಿಯನ್ನು ಯಾವ ಪಾತ್ರದ ಬಾಯಿಗೂ ಕೊಡಲಿಲ್ಲ. ಮೇಳದ ಮಕ್ಕಳು ಪ್ರತಿ ಹಾಡಿನ ಕೊನೆಗೆ ಎತ್ತಿಕೊಳ್ಳುವ ಒಂದು ಸಾಲಿನ ಪಲ್ಲವಿಗೆ ಕೊಟ್ಟೆವು. ಮೊದಲ ಹಾಡಿಗೆ:

ಬಿತ್ತಿದವ ನೆಲ ನೋಡಿ ಬಿತ್ತಿದ ಕುಲವ ಕೇಳಿದನೇ

ಆಶ್ರಮದ ಊಟವಾಗಿ ಜಗಳ ಹತ್ತಿದ ಮೇಲೆ, ಸೆರೆಯ ಹಾಡಿನ ತುದಿಗೆ:

ಮಳೆಯು ಹೊಲದಲಿ ಬಿದ್ದ ಹೊತ್ತಲಿ ಕುಲವ ಕೇಳಿತ್ತೇ

ಅಯೋಧ್ಯೆಗೆ ಹೋಗುವಾಗ:

ಉಂಡವನು ಹಸಿವೆಯಲಿ ಉಂಡನು ಕುಲವ ಕೇಳಿದನೇ

ಸಾಲಿನ ಮೊದಲ ಭಾಗ ಬದಲಾಗುತ್ತದೆ, ಕುಲ ಕೇಳುವ ಕೊನೆ ಉಳಿಯುತ್ತದೆ. ಎರಡನೇ ಸಲ ಬಂದಾಗಲೇ ಸಭೆಯಲ್ಲಿದ್ದ ಮಕ್ಕಳು 'ಕುಲವ' ಎನ್ನುವಲ್ಲಿ ದನಿಗೂಡಿಸುತ್ತಾರೆ. ಮಂಗಳದಲ್ಲಿ ಮಾತ್ರ ಪಲ್ಲವಿ ಇಡಲಿಲ್ಲ. ಅಲ್ಲಿ ಅದು ಬೇಕಿರಲಿಲ್ಲ.

ಭಕ್ತಿ ಎಲ್ಲಿ ಎಂದು ಮುಖ್ಯೋಪಾಧ್ಯಾಯರು ಕೇಳಿದರು. ಸರಿಯಾದ ಪ್ರಶ್ನೆ. ಆರತಿ ತಟ್ಟೆ, ಕೈಮುಗಿದ ಸಾಲು, ಹೂಮಳೆ ಇದ್ದರೆ ಭಕ್ತಿ ಎಂದು ನೋಡುವವರ ಅಭ್ಯಾಸ. ಈ ಕಥೆಯಲ್ಲಿ ಭಕ್ತಿ ಇರುವುದು ರಾಗಿ ಸೆರೆಗೆ ಹೋಗುವ ರೀತಿಯಲ್ಲಿ. ತಪ್ಪು ಮಾಡಿಲ್ಲ, ಆದರೂ ಹೋಗುತ್ತದೆ, ಕರೆ ಬರುವವರೆಗೆ ಕಾಯುತ್ತದೆ. ರಾಗಿಯ ಪಾತ್ರ ಮಾಡಿದ ಹುಡುಗಿಗೇ ಇದು ಹಿಡಿಸಲಿಲ್ಲ. "ಮಿಸ್, ರಾಮ ನನ್ನನ್ನ ಯಾಕೆ ಜೈಲಿಗೆ ಹಾಕಬೇಕು, ಬೈದಿದ್ದು ಅವನು" ಎಂದು ಒಂದು ವಾರ ಕೇಳಿದಳು. ನಾನು ಉತ್ತರ ಹೇಳದೆ, ಆ ಪ್ರಶ್ನೆಯನ್ನೇ ಸೆರೆಯ ಬಾಗಿಲಲ್ಲಿ ನಿಂತು ರಾಮನಿಗೆ ಕೇಳು ಎಂದೆ. ಅವಳು ಕೇಳುತ್ತಾಳೆ, ರಾಮ ಉತ್ತರ ಹೇಳದೆ ನಡೆಯುತ್ತಾನೆ, ಮೇಳ ಹಾಡಲು ಶುರು ಮಾಡುತ್ತದೆ. ಇಡೀ ನಾಟಕದಲ್ಲಿ ನನಗೆ ತೃಪ್ತಿ ಕೊಟ್ಟ ಜಾಗ ಅದು. ನಾನು ಬರೆದದ್ದಲ್ಲ ಎಂಬುದೂ ನಿಜ.

ಆ ಹಾಡಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮ ಯೋಜನೆಯೆಲ್ಲ ಅದರ ಸುತ್ತ ಕಟ್ಟಿದ್ದು. ಷಟ್ಪದಿ ಎಂದರೆ ಆರು ಸಾಲು. ಸೆರೆ ಎಂದರೆ ಆರು ತಿಂಗಳು. ಸಾಲಿಗೊಂದು ತಿಂಗಳು! ಇದು ಹೊಳೆದ ದಿನ ನಾನು ಬಸ್ಸಿನಲ್ಲಿ ನನ್ನ ನಿಲ್ದಾಣ ದಾಟಿ ಹೋಗಿದ್ದೆ. ಕನಕದಾಸರ ಪದ್ಯಗಳಲ್ಲಿ ನಾಲ್ಕನ್ನು ಬೇರೆಡೆ ಹಾಗೇ ಬಳಸಿದೆವು. ಸೆರೆಗೆ ಮಾತ್ರ ನಮ್ಮದೇ ಒಂದನ್ನು ಕಟ್ಟಿಕೊಂಡೆವು. ಚೈತ್ರದಿಂದ ಭಾದ್ರಪದ ಎಂದು ಲೆಕ್ಕ ಹಿಡಿದೆವು, ಮಳೆಗಾಲ ನಡುವೆ ಬರಲಿ ಎಂದು.

ಎಳೆಯ ಚೈತ್ರದ ಬಿಸಿಲು ಮೇಲಿದೆ
ಒಳಗೆ ಕತ್ತಲೆ ಎರಡು ಕಾಳಿಗೆ
ಮಳೆಯ ಮೋಡವು ಕಟ್ಟಿ ನಿಂತಿತು ಹಗೆಯ ಬಾಯ್ಮೇಲೆ
ಇಳಿದ ತೇವಕೆ ಭತ್ತ ಕೊಳೆಯಿತು
ಉಳಿದ ರಾಗಿಯು ನೋಡಿ ಮರುಗಿತು
ಕಳೆಯೆ ತಿಂಗಳು ಆರು ರಾಮನ ಕರೆಯು ಬಂದಿತ್ತು

ಕಾವ್ಯ ದೊಡ್ಡದಲ್ಲ, ಲೆಕ್ಕ ಸರಿಯಿದೆ. ಭಾಮಿನಿಯಲ್ಲಿ ಸಣ್ಣ ಸಾಲಿಗೆ ಮೂರು ನಾಲ್ಕು, ಮೂರು ನಾಲ್ಕು ಎಂದು 14 ಮಾತ್ರೆ. ಮೂರನೇ ಮತ್ತು ಆರನೇ ಸಾಲಿಗೆ ಅದೇ ಮೂರು-ನಾಲ್ಕು ಮೂರು ಸಲ ಬಂದು ಕೊನೆಗೊಂದು ಗುರು, ಒಟ್ಟು 23. ಗಮಕಿಗಳು ಇದನ್ನು ತಾಳವಿಲ್ಲದೆ, ರಾಗದಲ್ಲಿ ತೇಲಿಸಿ ಓದುತ್ತಾರೆ. ಅದು ಒಬ್ಬರ ಗಂಟಲಿನ ವಿದ್ಯೆ. ಹನ್ನೆರಡು ಮಕ್ಕಳು ಒಟ್ಟಿಗೆ ಹಾಡಲು ತಾಳ ಬೇಕೇ ಬೇಕು. ಮೂರು-ನಾಲ್ಕಕ್ಕೆ ಹೇಳಿ ಮಾಡಿಸಿದಂತೆ ಮಿಶ್ರಛಾಪು ಇದೆ, ತಕಿಟ ತಕದಿಮಿ. ಸಣ್ಣ ಸಾಲು ಎರಡು ಆವರ್ತದಲ್ಲಿ ಕೂತುಬಿಡುತ್ತದೆ. ಉದ್ದದ ಸಾಲು ಮೂರು ಆವರ್ತ ತುಂಬಿ ನಾಲ್ಕನೆಯದರಲ್ಲಿ ಎರಡು ಮಾತ್ರೆ ಹಾಕಿ ನಿಲ್ಲುತ್ತದೆ. ಉಳಿದ ಐದು ಮಾತ್ರೆ ಖಾಲಿ.

ಈ ಖಾಲಿ ಐದು ಮಾತ್ರೆಯೇ ನಮ್ಮ ಬಂಡವಾಳ. ಮೊದಲು ಮಕ್ಕಳು ಅಲ್ಲಿ ಉಸಿರು ತೆಗೆದುಕೊಳ್ಳಲಿ ಎಂದಷ್ಟೇ ಬಿಟ್ಟಿದ್ದೆವು. ಆಮೇಲೆ ಕಾವಲುಗಾರನ ಕೋಲು ಅಲ್ಲಿ ಬಂತು. 'ಹಗೆಯ ಬಾಯ್ಮೇಲೆ' ಎಂದು ಮೇಳ ನಿಂತಾಗ, ಆ ಮೌನದಲ್ಲಿ ಅವನು ನೆಲಕ್ಕೆ ಎರಡು ಸಲ ಕುಟ್ಟುತ್ತಾನೆ, ಅದರ ಮೇಲೆ ಗುಡುಗಿನ ಹಾಗೆ ಡೋಲಕ್ಕು. ಅಲ್ಲಿಂದ ಮಳೆಗಾಲ. ಇಡೀ ಪದ್ಯ ಹದಿನಾರು ಆವರ್ತ. ನಮ್ಮ ಮೇಳದ ನಡೆಯಲ್ಲಿ ನಲವತ್ತು ಸೆಕೆಂಡು. ಉದ್ದದ ಸಾಲುಗಳನ್ನು ಎರಡೆರಡು ಸಲ ಹೇಳಿದರೆ ಒಂದು ನಿಮಿಷ. ಒಂದು ನಿಮಿಷದಲ್ಲಿ ಭತ್ತದ ಹುಡುಗ ನಿಂತವನು ಬಗ್ಗಿ, ಕೂತು, ಮಲಗಬೇಕು. ಸಾಲಿಗೊಂದು ಚಲನೆ, ಅದಕ್ಕಿಂತ ಹೆಚ್ಚಿಲ್ಲ. ರಾಗಿ ಕದಲುವುದೇ ಇಲ್ಲ. ಐದನೇ ಸಾಲಿನಲ್ಲಿ ಮಾತ್ರ ತಲೆ ತಿರುಗಿಸಿ ಅವನತ್ತ ನೋಡುತ್ತಾಳೆ.

ಹಗೆ ಎಂದು ಬರೆದದ್ದು ಬೇಕೆಂದೇ. ಸೆರೆಮನೆ ಎಂದರೆ ಕಬ್ಬಿಣದ ಸರಳಿನ ಚಿತ್ರ ಬಿಡಿಸಿದ ಪರದೆ ತರಬೇಕಿತ್ತು. ನಮ್ಮದು ರಾಗಿ ಸೀಮೆ. ಇಲ್ಲಿ ಹಿಂದೆ ಕಾಳನ್ನು ನೆಲದೊಳಗಿನ ಹಗೇವಿನಲ್ಲಿ ಇಡುತ್ತಿದ್ದರು, ಮೇಲೆ ಕಲ್ಲುಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಪುಟ್ಟ ಗಟ್ಟಿ ಕಾಳು ರಾಗಿ, ಅದಕ್ಕೆ ಹುಳ ಹತ್ತುವುದು ಕಡಿಮೆ, ಒಣಗಿಸಿ ಹಾಕಿದರೆ ವರ್ಷಗಟ್ಟಲೆ ಹಾಗೇ ಇರುತ್ತದೆ. ಹಾಗೆ ನೋಡಿದರೆ ಕನಕದಾಸರ ಕಥೆಯಲ್ಲಿ ಪವಾಡವೇ ಇಲ್ಲ, ರೈತರ ಮನೆಯ ಅನುಭವವೇ ತೀರ್ಪಾಗಿದೆ. ಎರಡು ಬೆಂಚನ್ನು ಮಗುಚಿ, ಮೇಲೆ ಗೋಣಿತಾಟು ಹೊದಿಸಿ, ನಡುವೆ ಬಾಯಿ ಬಿಟ್ಟೆವು. ಹಗೇವು ಸಿದ್ಧ. ಖರ್ಚು ಗೋಣಿತಾಟಿನದು ಮಾತ್ರ.

ತಾಳದ ವಿಷಯದಲ್ಲಿ ನಾವು ಪಟ್ಟ ಪಾಡು ಬೇರೆ. ಏಳು ಮಾತ್ರೆಯನ್ನು ಮಕ್ಕಳು ಗೊತ್ತಿಲ್ಲದೆ ಎಂಟು ಮಾಡುತ್ತಾರೆ. 'ಎಳೆಯ' ಎನ್ನುವುದು 'ಎಳೆಯಾ' ಆಗುತ್ತದೆ, ಮೂರು ನಾಲ್ಕಾಗುತ್ತದೆ, ಡೋಲಕ್ ನುಡಿಸುವ ಹುಡುಗನೂ ಸಿನಿಮಾ ಹಾಡಿನ ಅಭ್ಯಾಸದಲ್ಲಿ ಅವರ ಜೊತೆಗೇ ಜಾರುತ್ತಾನೆ. ಎಲ್ಲರೂ ಒಟ್ಟಿಗೆ ಜಾರಿದರೆ ಕೇಳುವವರಿಗೆ ತಪ್ಪೇ ತಿಳಿಯುವುದಿಲ್ಲ, ಹಾಡು ಮಂಕಾಯಿತು ಎಂದಷ್ಟೇ ಅನ್ನಿಸುತ್ತದೆ. ಕೆಲವರು ಮಾತ್ರ ಜಾರಿದರೆ ಮೂರನೇ ಸಾಲಿನ ಕೊನೆಗೆ ಗೊತ್ತಾಗುತ್ತದೆ. ಅರ್ಧ ಮೇಳ ನಿಂತಿರುತ್ತದೆ, ಅರ್ಧ ಇನ್ನೂ 'ಬಾಯ್ಮೇ' ಎನ್ನುತ್ತಿರುತ್ತದೆ. ಮೇಷ್ಟ್ರು ಹಾರ್ಮೋನಿಯಂ ಮುಚ್ಚಿಸಿ, ಮೂರಕ್ಕೆ ಚಪ್ಪಾಳೆ, ನಾಲ್ಕಕ್ಕೆ ತೊಡೆ ತಟ್ಟುವುದು ಎಂದು ಎರಡು ವಾರ ಬರಿಯ ಮಾತಿನಲ್ಲಿ ಹೇಳಿಸಿದರು. ರಾಗವಿಲ್ಲ, ಅಭಿನಯವಿಲ್ಲ. ಆರು ವಾರದ ತಾಲೀಮಿನಲ್ಲಿ ಮೊದಲೆರಡು ವಾರ ಇದಕ್ಕೇ ಹೋಯಿತು. ಉಳಿದ ಶಿಕ್ಷಕರಿಗೆ ನಾಟಕ ಶುರುವೇ ಆಗಿಲ್ಲವೆಂಬ ಆತಂಕ. ಮೂರನೇ ವಾರ ಸಂಭಾಷಣೆ ಸೇರಿಸಿದಾಗ ಅದು ನಾಲ್ಕೇ ದಿನದಲ್ಲಿ ಕೂತಿತು.

ರಾಗದ ವಿಷಯದಲ್ಲಿ ನಾನೊಂದು ಬುದ್ಧಿವಂತಿಕೆ ಮಾಡಲು ಹೋಗಿದ್ದೆ. ಮೋಹನ ರಾಗದ ಐದೇ ಸ್ವರಗಳಲ್ಲಿ ರಿಷಭವನ್ನು ಷಡ್ಜ ಮಾಡಿಕೊಂಡರೆ ಮಧ್ಯಮಾವತಿ, ಗಾಂಧಾರವನ್ನು ಮಾಡಿಕೊಂಡರೆ ಹಿಂದೋಳ. ಹಾರ್ಮೋನಿಯಂನ ಮನೆಗಳು ಅವೇ, ಕೂರುವ ಜಾಗ ಬೇರೆ. ಎಲ್ಲ ಧಾನ್ಯವೂ ಒಂದೇ ಮಣ್ಣಿನದು ಎನ್ನುವುದಕ್ಕೆ ಇದಕ್ಕಿಂತ ಉಪಮೆ ಬೇಕೇ ಎಂದು ಹಿಗ್ಗಿದ್ದೆ. ಮೇಷ್ಟ್ರು ತಡೆಯಲಿಲ್ಲ, ಮಾಡಿ ನೋಡಿ ಎಂದರು. ಶ್ರುತಿಪೆಟ್ಟಿಗೆ ಹಳೆಯ ಷಡ್ಜದಲ್ಲೇ ಮೊರೆಯುತ್ತಿತ್ತು, ಮಕ್ಕಳು ಎರಡು ಷಡ್ಜದ ನಡುವೆ ಸಿಕ್ಕಿ ಅಪಸ್ವರಕ್ಕೆ ಬಿದ್ದರು. ಶ್ರುತಿ ಬದಲಿಸಿದರೆ ಹಿಂದೋಳ ಅವರ ಗಂಟಲಿಗೆ ಮೇಲಾಯಿತು. ಮೂರು ದಿನದ ಮೇಲೆ ಕೈಬಿಟ್ಟೆ. ಮೂರು ಹಾಡಿಗೂ ಮೋಹನವೇ, ಒಂದೇ ಮಟ್ಟು. ಸೆರೆಯಲ್ಲಿ ಅದನ್ನೇ ನಿಧಾನ ಮಾಡಿ ಡೋಲಕ್ಕಿನ ಬದಲು ಬರಿ ತಾಳ, ಡೋಲಕ್ಕು ಗುಡುಗಿಗೆ ಮಾತ್ರ. ಮಂಗಳಕ್ಕೆ ಮಾತ್ರ ಕಛೇರಿಯ ವಾಡಿಕೆಯಂತೆ ಮಧ್ಯಮಾವತಿ, ಮೋಹನದ ಷಡ್ಜದಲ್ಲೇ.

ಶ್ರುತಿಯನ್ನು ದೊಡ್ಡವರ ಗಂಟಲಿಗೆ ಇಡಬಾರದು ಎನ್ನುವುದೂ ಆಗಲೇ ತಿಳಿದದ್ದು. ಮೇಷ್ಟ್ರ ಶ್ರುತಿಗೆ ಹಾಡಿಸಿದಾಗ ಮಕ್ಕಳ ದನಿ ಕೆಳಗೆ ಹೂತು ಮೊದಲ ಸಾಲಿನಾಚೆ ಕೇಳುತ್ತಿರಲಿಲ್ಲ. ಬಿಳಿ ಒಂದಕ್ಕೆ ಷಡ್ಜ ಇಟ್ಟು, ಮಟ್ಟು ಮೇಲಿನ ಷಡ್ಜ ದಾಟದಂತೆ ತಿದ್ದಿದೆವು. ಎಂಟನೇ ತರಗತಿಯ ಇಬ್ಬರು ಹುಡುಗರಿಗೆ ದನಿ ಒಡೆಯುತ್ತಿತ್ತು, ಅವರು ನಾಚಿ ಬಾಯಿ ಮಾತ್ರ ಆಡಿಸುತ್ತಿದ್ದರು. ಅವರ ಕೈಗೆ ತಾಳ ಕೊಟ್ಟೆವು. ಏಳು ಮಾತ್ರೆ ಕೊನೆಯವರೆಗೂ ಜಾರದೆ ಉಳಿದದ್ದು ಆ ಇಬ್ಬರಿಂದ.

ಪಾತ್ರ ಹಂಚುವಾಗ ಆದದ್ದನ್ನು ಬರೆಯಬೇಕೋ ಬೇಡವೋ ಎಂದು ಯೋಚಿಸಿದೆ. ಬರೆಯುತ್ತೇನೆ. ಯಾರೂ ಕೆಟ್ಟ ಮನಸ್ಸಿನಿಂದಲ್ಲ, ಸಹಜವೆಂಬಂತೆ ಭತ್ತಕ್ಕೆ ಬೆಳ್ಳಗಿನ ಹುಡುಗನನ್ನೂ ರಾಗಿಗೆ ಕಪ್ಪಗಿನ ಹುಡುಗಿಯನ್ನೂ ಆರಿಸಿ ಪಟ್ಟಿ ಬರೆದುಬಿಟ್ಟಿದ್ದೆವು. ಪಟ್ಟಿಯಲ್ಲಿ ನನ್ನ ಅಕ್ಷರವೂ ಇತ್ತು. ಮರುದಿನ ಊಟದ ಸಾಲಿನಲ್ಲಿ ಒಬ್ಬ, "ಏ ರಾಗಿ, ಸರಿಯೇ" ಎಂದು ಆ ಹುಡುಗಿಯನ್ನು ಕೂಗಿದ. ಹುಟ್ಟನ್ನು ಕೇಳಬೇಡಿ ಎನ್ನುವ ನಾಟಕ ಶಾಲೆಗೊಂದು ಹೊಸ ಅಡ್ಡಹೆಸರು ಕೊಟ್ಟಿತ್ತು. ಸಂಜೆಯೇ ಪಟ್ಟಿ ಹರಿದೆವು. ಎಲ್ಲರೂ ಎರಡೂ ಪಾತ್ರದ ಮಾತು ಹೇಳಿ ತೋರಿಸಿದ ಮೇಲೆ, ದನಿ ನೋಡಿ ಆರಿಸಿದೆವು. ವೇಷದಲ್ಲೂ ಬಣ್ಣ ಬಳಿಯಲಿಲ್ಲ. ರಾಗಿಯ ಹುಡುಗಿ ಬೆರಳೈದನ್ನೂ ಒಳಕ್ಕೆ ಮಡಚಿ ತೆನೆ ಮಾಡಿ ತೋರಿಸಿದರೆ, ಭತ್ತದ ಹುಡುಗ ಮುಂಗೈ ಬಾಗಿಸಿ ತೊನೆಯುವ ತೆನೆಯಾದ. ಇಬ್ಬರಿಗೂ ಒಂದೇ ಗೋಣಿಯ ಅಂಗಿ.

ಜಗಳದ ಮಾತೂ ಹಾಗೆಯೇ. ಮೂಲದಲ್ಲಿ ಅದು ಬಹಳ ಖಾರ, ಕುಲದ ಹೆಸರೆತ್ತಿಯೇ ಬೈಗುಳ. ಓದುವ ತರಗತಿಯಲ್ಲಿ ಅದನ್ನು ಬಿಡಿಸಿ ಚರ್ಚಿಸಬಹುದು, ಚರ್ಚಿಸಬೇಕು ಕೂಡ. ಸಾವಿರ ಜನರ ಮುಂದೆ ಹನ್ನೆರಡು ವರ್ಷದ ಮಗುವಿನ ಬಾಯಲ್ಲಿ, ಇನ್ನೊಂದು ಮಗುವಿನ ಮುಖಕ್ಕೆ, ಆ ಮಾತು ಹೇಳಿಸಲು ನನಗೆ ಮನಸ್ಸು ಬರಲಿಲ್ಲ. ಭತ್ತ ತಾನು ಕೂರುವ ಜಾಗಗಳನ್ನು ಹೇಳಿಕೊಳ್ಳುತ್ತದೆ, ಮದುವೆಯ ಮಂತ್ರಾಕ್ಷತೆ, ಹೋಮ, ಅರಮನೆಯ ಹರಿವಾಣ. ರಾಗಿ, ಮಳೆ ಕೈಕೊಟ್ಟ ವರ್ಷ ನೀನೆಲ್ಲಿದ್ದೆ ಎಂದು ಒಂದೇ ಪ್ರಶ್ನೆ ಕೇಳುತ್ತದೆ. ಇನ್ನೊಂದು ತಿದ್ದುಪಡಿ ಮಾಡಿದ್ದು ಕೊನೆಯಲ್ಲಿ. ಹೆಸರು ಪಡೆದ ರಾಗಿ ಗೆದ್ದು ಬೀಗಿದರೆ ಮೇಲು-ಕೀಳು ತಲೆಕೆಳಗಾಯಿತೇ ಹೊರತು ಹೋಗಲಿಲ್ಲ. ಅದಕ್ಕೆ ರಾಮ ಹೆಸರಿಟ್ಟ ಮೇಲೆ ರಾಗಿಯೇ ಹೋಗಿ ಮಲಗಿದ್ದ ಭತ್ತವನ್ನು ಕೈಹಿಡಿದು ಎಬ್ಬಿಸುತ್ತದೆ. ಮಾತಿಲ್ಲ. ಮಂಗಳ ಶುರುವಾಗುವುದು ಆ ಕೈ ಹಿಡಿದ ಕ್ಷಣಕ್ಕೆ.

ಹಾಡಿಗೂ ದೃಶ್ಯಕ್ಕೂ ಬೆಸುಗೆ ಹಾಕಲು ನಾವು ಹಿಡಿದದ್ದು ಬಹಳ ಸರಳ ಉಪಾಯ. ದೃಶ್ಯದ ಕೊನೆಯ ಮಾತಿನಲ್ಲಿರುವ ಒಂದು ಪದ ಹಾಡಿನ ಮೊದಲ ಸಾಲಿನಲ್ಲಿ ಬರಬೇಕು. ಸೆರೆಯ ಬಾಗಿಲಲ್ಲಿ ಕಾವಲುಗಾರ, "ಮೇಲೆ ಬಿಸಿಲು ನೋಡಿಕೊಳ್ಳಿ, ಇನ್ನಾರು ತಿಂಗಳು ಕಾಣಲ್ಲ" ಎನ್ನುತ್ತಾನೆ. ಮೇಳ 'ಎಳೆಯ ಚೈತ್ರದ ಬಿಸಿಲು' ಎಂದು ಎತ್ತಿಕೊಳ್ಳುತ್ತದೆ. ಮಕ್ಕಳಿಗೆ ಯಾವಾಗ ಶುರು ಮಾಡಬೇಕೆಂದು ಯಾರೂ ಕೈ ಬೀಸಿ ತೋರಿಸಬೇಕಾಗಲಿಲ್ಲ, ಬಿಸಿಲು ಎಂದ ಕೂಡಲೇ ಉಸಿರು ತುಂಬಿಕೊಳ್ಳುತ್ತಿದ್ದರು. ಇಂಥ ಜೋಡಿ ಪದಗಳನ್ನು ಒಂದೇ ಹಾಳೆಯಲ್ಲಿ ಬರೆದು ಮೇಳದ ಮುಂದೆ ಅಂಟಿಸಿದ್ದೆವು. ನಾಟಕದ ಪೂರ್ತಿ ಪ್ರತಿ ಅವರ ಬಳಿ ಇರಲೇ ಇಲ್ಲ.

ಮೇಳವನ್ನು ರಂಗದ ಎಡಕ್ಕೆ, ಕಾಣುವ ಹಾಗೆ ಕೂರಿಸಿ ಎರಡು ಸ್ಟ್ಯಾಂಡ್ ಮೈಕು ಕೊಟ್ಟೆವು. ಹಾಡುವವರು ಬೇರೆ, ಆಡುವವರು ಬೇರೆ. ಓಡಾಡುತ್ತ ಹಾಡುವ ಮಗುವಿಗೆ ಉಸಿರೂ ಸಾಲದು, ಮೈಕೂ ಸಿಗದು. ಹಾಡನ್ನು ಮೊದಲೇ ರೆಕಾರ್ಡ್ ಮಾಡಿ ಪೆನ್‌ಡ್ರೈವಿನಲ್ಲಿ ಕೊಡಿ, ತೊಂದರೆಯೇ ಇಲ್ಲ ಎಂದು ಸೌಂಡ್ ಸಿಸ್ಟಮ್ಮಿನವರು ಒತ್ತಾಯ ಮಾಡಿದರು. ಒಪ್ಪದಿದ್ದದ್ದು ಒಳ್ಳೆಯದಾಯಿತು. ವಾರ್ಷಿಕೋತ್ಸವದ ರಾತ್ರಿ ಹಗೇವಿಗೆ ಇಳಿಯುವಾಗ ರಾಗಿಯ ಗೋಣಿ ಅಂಗಿ ಬೆಂಚಿನ ಮೊಳೆಗೆ ಸಿಕ್ಕಿತು. ಅವಳು ಅರ್ಧ ಒಳಗೆ, ಅರ್ಧ ಹೊರಗೆ. ಮೇಳ ಆಗಲೇ ಎರಡನೇ ಸಾಲಿನಲ್ಲಿತ್ತು. ಮುಂದಿದ್ದ ಹುಡುಗಿ ಅದನ್ನು ನೋಡಿ, 'ಒಳಗೆ ಕತ್ತಲೆ' ಎನ್ನುವುದನ್ನೇ ಮತ್ತೆ ಹಿಡಿದಳು, ಉಳಿದವರು ಅವಳ ಹಿಂದೆ. ನಾಲ್ಕು ಸಲ ಹಾಡಿದರು. ಅಷ್ಟರಲ್ಲಿ ಭತ್ತದ ಹುಡುಗ ಹಿಂದಿರುಗಿ ಬಂದು ಅಂಗಿ ಬಿಡಿಸಿ ಅವಳನ್ನು ಒಳಕ್ಕೆ ಎಳೆದುಕೊಂಡ. ಸಭೆಗೆ ಅದು ತಪ್ಪೆಂದು ತಿಳಿಯಲೇ ಇಲ್ಲ. ಪೆನ್‌ಡ್ರೈವು ಅವಳಿಗಾಗಿ ಕಾಯುತ್ತಿತ್ತೇ?

ಒಟ್ಟು 23 ನಿಮಿಷಕ್ಕೆ ಮುಗಿಯಿತು. ಅದರಲ್ಲಿ ಹಾಡು ಏಳು ನಿಮಿಷಕ್ಕಿಂತ ತುಸು ಕಡಿಮೆ.

ಮಕ್ಕಳು ವೇಷ ಬಿಚ್ಚುತ್ತಿದ್ದಾಗ ಒಂದು ಮಗುವಿನ ಅಜ್ಜಿ ರಂಗದ ಹಿಂದೆ ಬಂದರು. ಚೆನ್ನಾಗಿತ್ತು ಎನ್ನಲು ಬಂದಿರಬೇಕು ಎಂದುಕೊಂಡೆ. ಗೋಣಿತಾಟು ಎತ್ತಿ ಒಳಗೆ ಇಣುಕಿ, "ಹಗೇವು ತೆಗೆದ ಏಟಿಗೆ ಹಂಗೆಲ್ಲ ಇಳೀಬಾರ್ದು ಕಣವ್ವ" ಎಂದರು. "ಒಳಗೆ ಕೆಟ್ಟ ಗಾಳಿ ನಿಂತಿರ್ತದೆ. ಬಾಯಿ ತೆಗ್ದು, ಹೊತ್ತು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಸ್ಬೇಕು. ದೀಪ ಉರುದ್ರೆ ಆಮೇಲೆ ಮನ್ಸ. ನಿಮ್ಮ ರಾಮನ ಆಳು ಹಂಗೇ ಇಳಿದ್ಬುಟ್ಟ."

ಕನಕ ಜಯಂತಿಗೆ ಪಕ್ಕದೂರಿನ ಶಾಲೆಯವರು ಅದೇ ನಾಟಕ ಆಡಿಸಿ ಎಂದು ಕರೆದಾಗ ಸೆರೆಯ ಹಾಡಿನ ಕೊನೆಯ ಸಾಲನ್ನು ಮತ್ತೆ ತೆಗೆದು ಕೂತೆವು. 'ಕರೆಯು ಬಂದಿತ್ತು' ಎಂದು ಮೇಳ ನಿಲ್ಲುತ್ತದೆ. ಅಲ್ಲೂ ಐದು ಮಾತ್ರೆ ಖಾಲಿ ಇತ್ತು. ಈಗ ಆ ಹೊತ್ತಿಗೆ ಕಾವಲುಗಾರ ಹಗ್ಗಕ್ಕೆ ಕಟ್ಟಿದ ಲಾಟೀನನ್ನು ಗೋಣಿತಾಟಿನ ಬಾಯೊಳಕ್ಕೆ ಬಿಡುತ್ತಾನೆ. ಐದು ಮಾತ್ರೆ ಸಾಲಲಿಲ್ಲ, ಇನ್ನೊಂದು ಆವರ್ತ ಸೇರಿಸಿಕೊಂಡೆವು. ಮೇಳ ಸುಮ್ಮನಿರುತ್ತದೆ, ತಾಳದ ಇಬ್ಬರು ಹುಡುಗರೂ ಸುಮ್ಮನಿರುತ್ತಾರೆ, ಒಳಗಿನಿಂದ ಎರಡು ಮುಖದ ಮೇಲೆ ಬೆಳಕು ಬೀಳುತ್ತದೆ.